ಕಟ್ ಮಾಡಿದ ಫೋಟೊಗೆ ಹೊಸ ಹಿನ್ನೆಲೆ: ಎದುರು ಬಣ್ಣವೋ, ಪಕ್ಕದ ಬಣ್ಣವೋ?

ಪೋಸ್ಟರ್ ಕಳಿಸಿ "ಯಾಕೋ ಅಂಟಿಸಿದ ಹಾಗೆ ಕಾಣ್ತಿದೆ, ನೋಡಿ" ಎಂದು ಕೇಳುವವರು ಜಾಸ್ತಿ. ಬಿಡಿಸಿ ನೋಡಿದರೆ ಕಟಿಂಗ್ ಚೆನ್ನಾಗೇ ಇರುತ್ತದೆ. ಕೂದಲಿನ ಎಳೆ ಕೂಡ ಉಳಿಸಿಕೊಂಡಿರುತ್ತಾರೆ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ಚಂದದ ಹಿನ್ನೆಲೆ ಹುಡುಕಿ, ಅದರ ಮೇಲೆ ವ್ಯಕ್ತಿಯನ್ನು ಇಟ್ಟು, ಆಮೇಲೆ ಸ್ಲೈಡರ್ ಎಳೆದು ಎಳೆದು ಹೊಂದಿಸಲು ನೋಡುತ್ತಾರೆ. ಇದು ಉಲ್ಟಾ ಆಗಬೇಕು. ಬಣ್ಣದ ಲೆಕ್ಕ ವ್ಯಕ್ತಿಯಿಂದ ಶುರುವಾಗಿ ಹಿನ್ನೆಲೆಗೆ ಹೋಗಬೇಕು.

ಉದಾಹರಣೆಗೆ ಒಂದೇ ಕೆಲಸವನ್ನು ಕೊನೆಯವರೆಗೂ ಹಿಡಿಯೋಣ. ಭರತನಾಟ್ಯದ ರಂಗಪ್ರವೇಶದ ಪೋಸ್ಟರ್. ಹುಡುಗಿಯ ಉಡುಪು ಸಾಸಿವೆ ಹಳದಿ ರೇಷ್ಮೆ, ಅಂಚು ಮರೂನ್. ಜಡೆಗೆ ಮಲ್ಲಿಗೆ. ಫೋಟೊ ತೆಗೆದದ್ದು ಮನೆಯ ಹಿಂದಿನ ಹುಲ್ಲುಹಾಸಿನ ಮೇಲೆ, ಹಗಲು ಬೆಳಕಿನಲ್ಲಿ. ಈ ಹುಲ್ಲುಹಾಸು ಮುಂದೆ ಒಂದು ತೊಂದರೆ ಕೊಡುತ್ತದೆ, ನೆನಪಿಟ್ಟುಕೊಳ್ಳಿ.

## ಬೇಕಾಗುವ ಸಾಮಾನು

ನಾನು ಬಳಸುವುದು ಫೋಟೊಶಾಪ್, ಹಾಗಾಗಿ ಮೆನು ಹೆಸರುಗಳೂ ಅದರವೇ. ಬೇರೆ ಸಾಫ್ಟ್‌ವೇರ್ ಆದರೂ ಲೇಯರ್, ಬ್ಲೆಂಡ್ ಮೋಡ್, ಕಲರ್ ಪಿಕ್ಕರ್ ಇದ್ದರೆ ಸಾಕು. ಬಣ್ಣದ ಚಕ್ರದ ಚಿತ್ರ ಬೇಕಾಗಿಲ್ಲ. ಕಲರ್ ಪಿಕ್ಕರ್‌ನಲ್ಲಿ ಕಾಣುವ `H`, `S`, `B` ಮತ್ತು `L` ಎಂಬ ನಾಲ್ಕು ಅಂಕಿಗಳಲ್ಲೇ ಎಲ್ಲ ಇದೆ.

`H` ಅಂದರೆ ಚಕ್ರದಲ್ಲಿ ಬಣ್ಣದ ಜಾಗ. ಕೆಂಪು 0, ಹಳದಿ 60, ಹಸಿರು 120, ನೀಲಿ 240, ಸುತ್ತಿ ಬಂದರೆ 360ಕ್ಕೆ ಮತ್ತೆ ಕೆಂಪು. `S` ಬಣ್ಣದ ಗಾಢತೆ. `B` ಬಣ್ಣ ಎಷ್ಟು ಉರಿಯುತ್ತಿದೆ ಎಂಬ ಲೆಕ್ಕ. `L` ಮಾತ್ರ ನಮ್ಮ ಕಣ್ಣಿಗೆ ಅದು ಎಷ್ಟು ತಿಳಿಯಾಗಿ ಕಾಣುತ್ತದೆ ಎಂಬುದನ್ನು ಹೇಳುತ್ತದೆ. ಪೂರ್ತಿ ಹಳದಿ, ಪೂರ್ತಿ ನೀಲಿ ಎರಡಕ್ಕೂ `B` 100 ಇರುತ್ತದೆ. ಆದರೆ ಕಪ್ಪು-ಬಿಳುಪಿಗೆ ತಿರುಗಿಸಿದರೆ ಹಳದಿ ಹತ್ತಿರ ಹತ್ತಿರ ಬಿಳಿ, ನೀಲಿ ಕಡುಬೂದು. ಹಾಗಾಗಿ ತಿಳಿ-ಗಾಢದ ಅಂತರ ಅಳೆಯಲು `L` ನೋಡಿ, `B` ಅಲ್ಲ.

## ಹಂತ 1: ವ್ಯಕ್ತಿಯ ಬಣ್ಣವನ್ನು ಅಳೆಯಿರಿ

ಐಡ್ರಾಪರ್ ತೆಗೆದುಕೊಂಡು ಮೇಲಿನ ಪಟ್ಟಿಯಲ್ಲಿ `Sample Size` ಅನ್ನು `31 by 31 Average` ಮಾಡಿ. `Point Sample` ಇದ್ದರೆ ಒಂದೇ ಒಂದು ಪಿಕ್ಸೆಲ್‌ನ ಬಣ್ಣ ಸಿಗುತ್ತದೆ. ರೇಷ್ಮೆಯಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್ ಕೂಡ ಒಂದೇ ಥರ ಇರುವುದಿಲ್ಲ.

ಮೂರು ಕಡೆ ಒತ್ತಿ ನೋಡಿ: ಬೆಳಕು ಬಿದ್ದ ಕೆನ್ನೆ, ಉಡುಪಿನ ಅತಿ ಅಗಲವಾದ ಭಾಗ, ಕೂದಲು. ರೇಷ್ಮೆಯ ಮಿಂಚು ಹೊಡೆಯುವ ಜಾಗವೂ ಬೇಡ, ಮಡಿಕೆಯ ಒಳಗಿನ ನೆರಳೂ ಬೇಡ. ನಡುವಿನದು ಸಾಕು. ನಮ್ಮ ಚಿತ್ರದಲ್ಲಿ ಸಿಕ್ಕಿದ್ದು ಹೀಗೆ:

```
ಕೆನ್ನೆ   H 22  S 50  B 68   L ಸುಮಾರು 55
ಉಡುಪು   H 42  S 78  B 80   L ಸುಮಾರು 67
ಕೂದಲು                      L ಸುಮಾರು 10
```

ಸುಮ್ನೆ ಇಡೀ ವ್ಯಕ್ತಿಗೆ `Filter > Blur > Average` ಹೊಡೆದು ಒಂದೇ ಬಣ್ಣ ತೆಗೆಯುವವರಿದ್ದಾರೆ. ಹಳದಿ, ಮರೂನ್, ಕಪ್ಪು ಎಲ್ಲ ಕಲಸಿ ಕೆಸರಿನ ಕಂದು ಬರುತ್ತದೆ. ಆ ಕಂದಿನ ಎದುರು ಬಣ್ಣ ಹುಡುಕಿ ಏನೂ ಉಪಯೋಗವಿಲ್ಲ.

ಕೆನ್ನೆಯ 22 ಎಂಬ ಅಂಕಿಯನ್ನು ಗಮನಿಸಿ. ನಮ್ಮವರ ಮೈಬಣ್ಣ ಎಣ್ಣೆಗಪ್ಪಾಗಲಿ, ಗೋಧಿ ಬಣ್ಣವಾಗಲಿ, `H` ಹೆಚ್ಚುಕಡಿಮೆ 15ರಿಂದ 30ರ ಒಳಗೇ ಬರುತ್ತದೆ. ಬದಲಾಗುವುದು ಮುಖ್ಯವಾಗಿ `L`. ಅಂದರೆ ಚಕ್ರದ ಲೆಕ್ಕದಲ್ಲಿ ಮನುಷ್ಯರ ಮುಖ ಯಾವಾಗಲೂ ಕಿತ್ತಳೆಯೇ. ಉಡುಪು ಏನೇ ಇರಲಿ, ಹಿನ್ನೆಲೆ ಆರಿಸುವಾಗ ಕೊನೆಯ ಮಾತು ಮುಖದ್ದು. ಜನ ಮೊದಲು ನೋಡುವುದು ಅದನ್ನೇ, ಬಣ್ಣ ತಪ್ಪಿದರೆ ಗೊತ್ತಾಗುವುದೂ ಅಲ್ಲೇ.

## ಹಂತ 2: ಎರಡೂ ದಾರಿಯ ಅಂಕಿ ಬರೆದುಕೊಳ್ಳಿ

ಕಾಂಪ್ಲಿಮೆಂಟರಿ ಎಂದರೆ ಎದುರು ಬಣ್ಣ. ಇದಕ್ಕೆ `H`ಗೆ 180 ಸೇರಿಸಿ. 360 ದಾಟಿದರೆ 360 ಕಳೆಯಿರಿ. ಅನಾಲಗಸ್ ಎಂದರೆ ಪಕ್ಕದ ಬಣ್ಣ. ಇದಕ್ಕೆ ಎರಡೂ ಕಡೆ 30ರಷ್ಟು ಸರಿಯಿರಿ.

```
ಉಡುಪಿನ ಎದುರು:  42 + 180 = 222
ಮುಖದ ಎದುರು:   22 + 180 = 202
ಉಡುಪಿನ ಪಕ್ಕ:   12 ರಿಂದ 72
```

ಉಡುಪಿನ ಎದುರು 222, ಮುಖದ ಎದುರು 202. ಎರಡರ ನಡುವೆ 212ರ ಆಸುಪಾಸು ನಿಂತರೆ ಇಬ್ಬರಿಗೂ ನ್ಯಾಯ. ಅದು ಮಸಿ ನೀಲಿ. ಪಕ್ಕದ ಬಣ್ಣದ ದಾರಿ ಹಿಡಿದರೆ ಇಟ್ಟಿಗೆ ಕೆಂಪಿನಿಂದ ಕೆನೆ ಹಳದಿವರೆಗೆ ಜಾಗ ಇದೆ.

ಇಲ್ಲೊಂದು ಗೊಂದಲ ತುಂಬಾ ಜನರನ್ನು ಕಾಡುತ್ತದೆ. ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ಕೆಂಪಿನ ಎದುರು ಹಸಿರು ಎಂದು ಕಲಿತಿರುತ್ತೇವೆ. ಕಲರ್ ಪಿಕ್ಕರ್‌ನಲ್ಲಿ ಕೆಂಪಿನ ಎದುರು 180, ಅಂದರೆ ಹಸಿರು-ನೀಲಿ ಬೆರೆತ ಸಯಾನ್. ಮೊದಲನೆಯದು ಪೇಂಟಿನ ಚಕ್ರ, ಎರಡನೆಯದು ಪರದೆಯ ಬೆಳಕಿನ ಚಕ್ರ. ಎರಡೂ ಸರಿಯೇ. ಒಂದೇ ಪೋಸ್ಟರ್‌ನಲ್ಲಿ ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆಯಬೇಡಿ, ಅಷ್ಟೇ. ಈ ಬರಹದಲ್ಲಿ ಪೂರ್ತಿ ಪರದೆಯ ಚಕ್ರವನ್ನೇ ಹಿಡಿದಿದ್ದೇನೆ.

## ಹಂತ 3: ಎರಡರಲ್ಲಿ ಒಂದನ್ನು ಆರಿಸಿ

ನಾನು ಮೊದಲು ಕೇಳುವುದು ಪೋಸ್ಟರ್ ಎಲ್ಲಿಂದ ನೋಡುತ್ತಾರೆ ಅಂತ. ಸಭಾಂಗಣದ ಗೇಟಿಗೆ ಕಟ್ಟಿ ರಸ್ತೆಯಿಂದ ಕಾಣಬೇಕಾದರೆ ಎದುರು ಬಣ್ಣ. ವ್ಯಕ್ತಿಯ ಆಕಾರ ದೂರಕ್ಕೂ ಬಿಡಿಸಿ ಕಾಣುತ್ತದೆ. ಕೈಗೆ ಕೊಡುವ ಆಮಂತ್ರಣ, ವಾಟ್ಸ್ಯಾಪ್‌ನಲ್ಲಿ ಹೋಗುವ ಚಿತ್ರವಾದರೆ ಪಕ್ಕದ ಬಣ್ಣ ಹಿತವಾಗಿರುತ್ತದೆ. ಹತ್ತಿರದಿಂದ ನೋಡುವಾಗ ಕಣ್ಣಿಗೆ ಜಗಳ ಬೇಡ.

ಆಮೇಲೆ ಉಡುಪಿನಲ್ಲಿ ಎಷ್ಟು ಬಣ್ಣ ಇದೆ ನೋಡಿ. ಹಸಿರು ಸೀರೆ, ಕೆಂಪು ಅಂಚು ಇದ್ದರೆ ಜಗಳ ವ್ಯಕ್ತಿಯ ಮೈಮೇಲೇ ಇದೆ. ಹಿನ್ನೆಲೆಯಲ್ಲಿ ಇನ್ನೊಂದು ಎದುರು ಬಣ್ಣ ತಂದರೆ ಜಾತ್ರೆ ಆಗುತ್ತದೆ. ಅಂಥಲ್ಲಿ ಮುಖಕ್ಕೆ ಹೊಂದುವ ಮಂಕಾದ ಒಂದು ಬಣ್ಣ ಸಾಕು. ಹಸಿರಿನ ಎದುರು ಗುಲಾಬಿ ಬರುತ್ತದೆ. ಅದನ್ನೇ ಹಾಕಬೇಕು ಎಂದರೆ `S` 25ಕ್ಕಿಂತ ಕೆಳಗಿಡಿ, ಇಲ್ಲದಿದ್ದರೆ ಬಲೂನು ಅಂಗಡಿ.

ಹಿನ್ನೆಲೆ ತನ್ನ ಎದುರು ಬಣ್ಣವನ್ನು ಮುಖದ ಮೇಲೆ ತಳ್ಳುತ್ತದೆ ಎಂಬುದೂ ಗೊತ್ತಿರಲಿ. ಗಾಢ ಹಸಿರಿನ ಮುಂದೆ ಅದೇ ಮುಖ ಸ್ವಲ್ಪ ಕೆಂಪೇರಿದ ಹಾಗೆ ಕಾಣುತ್ತದೆ. ಗಾಢ ಕೆಂಪಿನ ಮುಂದೆ ಕಳೆಗುಂದಿ, ಕಾಯಿಲೆಯವರಂತೆ ಕಾಣುತ್ತದೆ. ಪಿಕ್ಸೆಲ್ ಬದಲಾಗಿರುವುದಿಲ್ಲ, ಕಣ್ಣು ಹಾಗೆ ಓದುತ್ತದೆ. "ಮುಖ ಡಲ್ ಆಗಿದೆ" ಎಂದು ಮುಖಕ್ಕೆ ಬ್ರೈಟ್‌ನೆಸ್ ಏರಿಸುವ ಮೊದಲು ಹಿನ್ನೆಲೆಯ `S` ಇಳಿಸಿ ನೋಡಿ.

## ಹಂತ 4: ತಿಳಿ-ಗಾಢ ಮೊದಲು, ಬಣ್ಣ ಆಮೇಲೆ

ಇಲ್ಲೇ ಮುಕ್ಕಾಲು ಪಾಲು ಪೋಸ್ಟರ್ ಕೆಡುವುದು. ಸರಿಯಾದ `H` ಸಿಕ್ಕಿತೆಂದು ಖುಷಿಯಲ್ಲಿ `S` 100, `B` 100 ಇಟ್ಟು ತುಂಬಿಬಿಡುತ್ತಾರೆ.

ಎಲ್ಲಕ್ಕಿಂತ ಮೇಲೆ ಒಂದು ಹೊಸ ಲೇಯರ್ ಮಾಡಿ, ಕಪ್ಪು ತುಂಬಿ, ಬ್ಲೆಂಡ್ ಮೋಡ್ `Color` ಮಾಡಿ. ಇಡೀ ಪೋಸ್ಟರ್ ಕಪ್ಪು-ಬಿಳುಪಾಗುತ್ತದೆ. ಈ ಲೇಯರ್ ಕೊನೆಯವರೆಗೂ ಇರಲಿ, ಕಣ್ಣಿನ ಗುರುತು ಒತ್ತಿ ಬೇಕಾದಾಗ ಆನ್ ಮಾಡಿ. ಕಪ್ಪು-ಬಿಳುಪಿನಲ್ಲೂ ವ್ಯಕ್ತಿ ಬಿಡಿಸಿ ಕಂಡರೆ ಮಾತ್ರ ಬಣ್ಣದ ಕಡೆ ಹೋಗಿ.

ಎದುರು ಬಣ್ಣದ ದಾರಿ. ಹಿನ್ನೆಲೆಗೆ ನಾನು ಇಟ್ಟದ್ದು `H 214 S 45 B 28`, ಅಂದರೆ `#273547`. ಇದರ `L` ಸುಮಾರು 22. ಕೆನ್ನೆಯ 55ಕ್ಕೂ ಇದಕ್ಕೂ 33ರ ಅಂತರ. ಮುಖಕ್ಕೂ ಹಿನ್ನೆಲೆಗೂ 30ರಷ್ಟು ಅಂತರ ಇದ್ದರೆ ದೂರದಿಂದಲೂ ಮುಖ ಕಾಣುತ್ತದೆ ಎಂಬುದು ನನ್ನ ಅನುಭವದ ಲೆಕ್ಕ. `S` 45 ಮಾತ್ರ, ಉಡುಪಿನದು 78. ಎದುರು ಬಣ್ಣಗಳಲ್ಲಿ ಒಬ್ಬರು ಜೋರಾಗಿ ಮಾತಾಡಿದರೆ ಇನ್ನೊಬ್ಬರು ಸುಮ್ಮನಿರಬೇಕು. ಇಬ್ಬರೂ ಜೋರಾದರೆ ಅಂಚಿನಲ್ಲಿ ಗೆರೆ ನಡುಗುತ್ತದೆ. ಪರದೆಯನ್ನು ಒಂದು ನಿಮಿಷ ದಿಟ್ಟಿಸಿದರೆ ನಿಮಗೇ ಗೊತ್ತಾಗುತ್ತದೆ.

ಈಗ ಕಪ್ಪು-ಬಿಳುಪಿನ ಲೇಯರ್ ಆನ್ ಮಾಡಿದೆ. ಮುಖ, ಉಡುಪು ಚೆನ್ನಾಗಿವೆ. ಕೂದಲು ಮಾಯ! ಕೂದಲು 10, ಹಿನ್ನೆಲೆ 22. ಅಂತರ ಸಾಲದು. ಜಡೆ, ತಲೆಯ ಮೇಲ್ಭಾಗ ಕತ್ತಲಲ್ಲಿ ಕರಗಿ ಮುಖ ಒಂಟಿಯಾಗಿ ತೇಲುತ್ತಿತ್ತು.

ಇದಕ್ಕೆ ತಲೆಯ ಹಿಂದೆ ದುಂಡಗಿನ ಗ್ರೇಡಿಯಂಟ್ ಹಾಕಿ ಬೆಳಕು ಕೊಡುತ್ತಾರೆ. ಒಳ್ಳೆಯದೇ. ಆದರೆ ಎಷ್ಟು? ನಾನು ಮೊದಲು ಸ್ವಲ್ಪ ಜಾಸ್ತಿ ತಿಳಿ ನೀಲಿ ಇಟ್ಟೆ, `L` 48 ಆಯಿತು. ಕೂದಲು ಎದ್ದು ಬಂತು, ಆದರೆ 55ರ ಕೆನ್ನೆ ಆ ಬೆಳಕಿನಲ್ಲಿ ಕರಗಿತು. ಕೂದಲಿಗೂ ಮುಖಕ್ಕೂ ನಡುವಿನ ಅಂಕಿ ಬೇಕು. ಕೊನೆಗೆ ನಿಂತದ್ದು `H 210 S 40 B 42`, ಅಂದರೆ `#40566B`, `L` 36ರ ಹತ್ತಿರ. ಅದು ತಲೆಯ ಹಿಂದೆ ಮಾತ್ರ, ಭುಜಕ್ಕೆ ಬರುವಷ್ಟರಲ್ಲಿ ಮತ್ತೆ ಗಾಢ.

ಪಕ್ಕದ ಬಣ್ಣದ ದಾರಿ. ಇಲ್ಲಿ ಬಣ್ಣ ನಿಮಗೆ ಸಹಾಯ ಮಾಡುವುದಿಲ್ಲ, ಎಲ್ಲ ಕೆಲಸ ತಿಳಿ-ಗಾಢದ್ದೇ. ಹೆಚ್ಚಿನವರು `H 30 S 55 B 60`ರಂಥ ಬೆಲ್ಲದ ಬಣ್ಣ ಇಡುತ್ತಾರೆ. ಅದರ `L` 50. ಕೆನ್ನೆ 55. ಬಣ್ಣವೂ ಅದೇ, ತಿಳಿಯೂ ಅದೇ, ಮುಖ ಗೋಡೆಯ ಒಳಗೆ ಹೋಯಿತು ಎಂದೇ ಲೆಕ್ಕ. ನಡುವೆ ನಿಲ್ಲಬೇಡಿ. ಒಂದು ತುದಿಗೆ ಹೋಗಿ.

ಗಾಢ ತುದಿ ಎಂದರೆ `#401F1A`, ಕಡು ಮರೂನ್, `L` 16. ಉಡುಪಿನ ಅಂಚಿನ ಮರೂನ್ ಜೊತೆ ಚೆನ್ನಾಗಿ ಹೋಗುತ್ತದೆ, ಮಲ್ಲಿಗೆ ಹೊಳೆಯುತ್ತದೆ. ಕೂದಲಿನ ತೊಂದರೆ ಇಲ್ಲಿ ಇನ್ನೂ ಜಾಸ್ತಿ, ಹಾಗಾಗಿ ತಲೆಯ ಹಿಂದಿನ ಬೆಳಕು ಬೇಕೇ ಬೇಕು. ತಿಳಿ ತುದಿ ಎಂದರೆ `#F0E4C0`, ಕೆನೆ ಬಣ್ಣ, `L` 91. ಕೂದಲು, ಕಣ್ಕಪ್ಪು, ಕೈಯ ಆಲ್ತ ಎಲ್ಲ ಚೆಂದ ಕಾಣುತ್ತವೆ. ಕಳೆದುಹೋಗುವುದು ಮಲ್ಲಿಗೆ. ಹೂವಿನ ಹಿಂದೆ ಮಾತ್ರ ಮೆಲ್ಲಗೆ ನೆರಳು ಹಾಕಿ, ಅಥವಾ ಜಡೆಯ ಕಪ್ಪಿನ ಮೇಲೆ ಹೂವು ಬರುವ ಭಂಗಿಯ ಫೋಟೊ ಆರಿಸಿ. ನನಗೆ ಕೇಳಿದರೆ ಕೈಗೆ ಕೊಡುವ ಆಮಂತ್ರಣಕ್ಕೆ ಈ ಕೆನೆಯೇ ವಾಸಿ.

## ಹಂತ 5: ಹಳೆಯ ಹಿನ್ನೆಲೆಯ ಬಣ್ಣ ಒರೆಸಿ

ಹುಲ್ಲುಹಾಸು ನೆನಪಿದೆಯಲ್ವಾ? ಹುಲ್ಲಿಗೆ ಬಿದ್ದ ಬಿಸಿಲು ಹಸಿರಾಗಿ ಮೇಲಕ್ಕೆ ಚಿಮ್ಮುತ್ತದೆ. ಕೆನ್ನೆಯ `H` 22 ಇತ್ತು. ಗಲ್ಲದ ಕೆಳಗೆ ಒತ್ತಿ ನೋಡಿದರೆ 48! ಮೊದಲಿನ ಫೋಟೊದಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಸುತ್ತಲೂ ಹಸಿರೇ. ನೀಲಿ ಅಥವಾ ಮರೂನ್ ಮುಂದೆ ಇಟ್ಟ ತಕ್ಷಣ ಕುತ್ತಿಗೆ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ.

ವ್ಯಕ್ತಿಯ ಲೇಯರ್ ಮೇಲೆ ಹೊಸ ಲೇಯರ್ ಮಾಡಿ `Alt+Ctrl+G` ಒತ್ತಿ, ಅದು ಕೆಳಗಿನ ಲೇಯರ್‌ಗೆ ಮಾತ್ರ ಅಂಟಿಕೊಳ್ಳುತ್ತದೆ. ಮೋಡ್ `Color` ಮಾಡಿ. ಕೆನ್ನೆಯ ಬಣ್ಣ ತೆಗೆದುಕೊಂಡು ಮೃದು ಬ್ರಷ್‌ನಿಂದ, `Opacity` 30ರಷ್ಟು ಇಟ್ಟು, ಗಲ್ಲದ ಕೆಳಗೆ, ತೋಳಿನ ಒಳಭಾಗಕ್ಕೆ ಒಂದೆರಡು ಸಲ ಎಳೆಯಿರಿ. ನೆರಳು ಹಾಗೇ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ.

ಅಂಚಿನ ಹಸಿರು ಗೆರೆಗೆ ಬೇರೆ ಮದ್ದು. `Select and Mask` ಒಳಗೆ `Decontaminate Colors` ಟಿಕ್ ಮಾಡಿದರೆ ಕೂದಲಿನ ಸುತ್ತಲಿನದು ಬಹಳಷ್ಟು ಹೋಗುತ್ತದೆ. ಉಳಿದದ್ದಕ್ಕೆ ಅದೇ `Color` ಲೇಯರ್‌ನಲ್ಲಿ ಈ ಸಲ ಹೊಸ ಹಿನ್ನೆಲೆಯ ಬಣ್ಣ ತೆಗೆದುಕೊಂಡು ಕೂದಲಿನ ತುದಿಗೆ ಬಳಿಯಿರಿ. ಕೆನ್ನೆಗೆ ಕೆನ್ನೆಯ ಬಣ್ಣ, ಕೂದಲ ತುದಿಗೆ ಹಿನ್ನೆಲೆಯ ಬಣ್ಣ. ಇದನ್ನು ಅದಲುಬದಲು ಮಾಡಬೇಡಿ.

## ಹಂತ 6: ಹಿನ್ನೆಲೆಯ ಬಣ್ಣವನ್ನು ವ್ಯಕ್ತಿಗೆ ತಾಗಿಸಿ

ಒಂದು ಜಾಗದಲ್ಲಿ ನಿಂತವರ ಮೇಲೆ ಆ ಜಾಗದ ಬಣ್ಣ ಸ್ವಲ್ಪವಾದರೂ ಬೀಳುತ್ತದೆ. ಅದು ಇಲ್ಲದಿದ್ದರೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ. ಇಲ್ಲಿ ಎರಡು ದಾರಿಗೆ ಎರಡು ಕ್ರಮ.

ಪಕ್ಕದ ಬಣ್ಣವಾದರೆ ಸುಲಭ. ವ್ಯಕ್ತಿಯ ಮೇಲೆ ಕ್ಲಿಪ್ ಮಾಡಿದ ಲೇಯರ್, ಹಿನ್ನೆಲೆಯದೇ ಬಣ್ಣ, ಮೋಡ್ `Soft Light`, `Opacity` 10ರಿಂದ 15. ಇಡೀ ಮೈಗೆ ಹಾಕಬಹುದು. ಎಲ್ಲವೂ ಒಂದೇ ಕುಟುಂಬದ ಬಣ್ಣವಾದ್ದರಿಂದ ಏನೂ ಕೆಡುವುದಿಲ್ಲ.

ಎದುರು ಬಣ್ಣದಲ್ಲಿ ಇದೇ ಕೆಲಸ ಮಾಡಿದರೆ ಕೆಟ್ಟಿತು. ಎದುರು ಬಣ್ಣಗಳು ಬೆರೆತರೆ ಬೂದಿ. ಕಿತ್ತಳೆ ಛಾಯೆಯ ಮುಖಕ್ಕೆ ನೀಲಿ ಬಳಿದರೆ ಮುಖದ ಜೀವವೇ ಹೋಗುತ್ತದೆ. ಕೆನ್ನೆಯ `S` 50 ಇದ್ದದ್ದು 35ಕ್ಕೆ ಇಳಿದಿದೆಯೇ ನೋಡಿ, ಇಳಿದಿದ್ದರೆ ನೀಲಿ ಅತಿಯಾಯಿತು. ಇಲ್ಲಿ ನೀಲಿ ತಾಗಬೇಕಾದದ್ದು ನೆರಳಿಗೆ ಮತ್ತು ಅಂಚಿಗೆ ಮಾತ್ರ. ನೀಲಿ ತುಂಬಿದ ಲೇಯರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, `Blend If` ನಲ್ಲಿ `Underlying Layer` ಪಟ್ಟಿಯ ಬಲಗಡೆಯ ಬಿಳಿ ತ್ರಿಕೋನವನ್ನು `Alt` ಒತ್ತಿ ಸೀಳಿ ಎಡಕ್ಕೆ ಎಳೆಯಿರಿ. ಬೆಳಕು ಬಿದ್ದ ಕಡೆ ನೀಲಿ ಹೋಗಿ, ಮಡಿಕೆಗಳ ನೆರಳಲ್ಲಿ ಮಾತ್ರ ಉಳಿಯುತ್ತದೆ.

ಕಾಲ ಕೆಳಗಿನ ನೆರಳಿಗೂ ಶುದ್ಧ ಕಪ್ಪು ಬೇಡ. ನೀಲಿ ಹಿನ್ನೆಲೆಗೆ `H 216 S 60 B 15`ರಂಥ ಕಡು ನೀಲಿ, ಕೆನೆ ಹಿನ್ನೆಲೆಗೆ ಕಂದು, ಎರಡಕ್ಕೂ `Multiply`. ಗೆಜ್ಜೆ ಕಟ್ಟಿದ ಪಾದ ನೆಲಕ್ಕೆ ತಾಗುವಲ್ಲಿ ನೆರಳು ಗಟ್ಟಿ, ದೂರ ಹೋದಂತೆ ತೆಳು.

## ಹಂತ 7: ಅಕ್ಷರದ ಬಣ್ಣ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೊಸ ಬಣ್ಣ ತರಬೇಡಿ. ನೀಲಿ ಹಿನ್ನೆಲೆಗೆ ಹೆಸರು ಒಡವೆಯ ಚಿನ್ನದ ಬಣ್ಣದಲ್ಲಿ, ದಿನಾಂಕ ಮತ್ತು ಸ್ಥಳ ಕೆನೆ ಬಿಳಿಯಲ್ಲಿ. ಮರೂನ್ ಒಂದು ಸಣ್ಣ ಪಟ್ಟಿಗೆ ಸಾಕು. ನೀಲಿಯ ಮೇಲೆ ನೇರ ಮರೂನ್ ಅಕ್ಷರ ಮಾತ್ರ ಬೇಡವೇ ಬೇಡ. ಎರಡೂ ಗಾಢ, ಕಪ್ಪು-ಬಿಳುಪಿನ ಲೇಯರ್ ಆನ್ ಮಾಡಿದರೆ ಅಕ್ಷರವೇ ಕಾಣುವುದಿಲ್ಲ.

## ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಚಿತ್ರವನ್ನು ಹೆಬ್ಬೆರಳಿನ ಗಾತ್ರಕ್ಕೆ ಸಣ್ಣದು ಮಾಡಿ. ಮೊದಲು ಹಿನ್ನೆಲೆ ಕಣ್ಣಿಗೆ ಬಿದ್ದರೆ ಅದರ `S` ಜಾಸ್ತಿಯಾಗಿದೆ. ಮುಖಕ್ಕಿಂತ ಮೊದಲು ಉಡುಪು ಕಂಡರೆ ಉಡುಪಿನ `S` ಹತ್ತರಷ್ಟು ಇಳಿಸಿ, ಹಿನ್ನೆಲೆ ಮುಟ್ಟಬೇಡಿ. ಸುತ್ತಲೂ ತೆಳ್ಳಗೆ ಹೊಳೆಯುವ ಗೆರೆ ಕಂಡರೆ ಹಂತ 5ಕ್ಕೆ ವಾಪಸ್. ಎಲ್ಲ ಸರಿ ಇದ್ದೂ ಸ್ಟಿಕ್ಕರ್‌ನಂತೆ ಕಂಡರೆ ಬೆಳಕು ಬರುವ ದಿಕ್ಕು ನೋಡಿ. ಮುಖಕ್ಕೆ ಬೆಳಕು ಎಡದಿಂದ ಬಂದಿದ್ದು, ಹಿನ್ನೆಲೆಯ ಹೊಳಪು ಬಲಗಡೆ ಇದ್ದರೆ ಯಾವ ಬಣ್ಣದ ಲೆಕ್ಕವೂ ಅದನ್ನು ಮುಚ್ಚುವುದಿಲ್ಲ.

## ಹಂತ 8: ಪ್ರಿಂಟಿಗೆ ಕಳಿಸುವ ಮುನ್ನ

ನಾನು ಶುರುವಿನಲ್ಲಿ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಹಳದಿ ಉಡುಪಿಗೆ ಎದುರು ಬಣ್ಣ ಎಂದು `H 240 S 100 B 100` ನೀಲಿ ತುಂಬಿದ್ದೆ. ಪರದೆಯಲ್ಲಿ ಝಗಮಗ. ಬ್ಯಾನರ್ ಬಂದಾಗ ನೋಡಿದರೆ ಹಿನ್ನೆಲೆ ನೇರಳೆ ಹಣ್ಣಿನ ಬಣ್ಣ. ಪ್ರಿಂಟ್ ಮಾಡಿದವರದ್ದು ತಪ್ಪೇನಿಲ್ಲ. ಪರದೆಯ ಆ ನೀಲಿಯನ್ನು ಇಂಕಿನಲ್ಲಿ ತರಲು ಆಗುವುದಿಲ್ಲ. ಸಯಾನ್ ಜೊತೆ ಮಜೆಂಟಾ ಹತ್ತಿರ ಹತ್ತಿರ ಸಮನಾಗಿ ಬಿದ್ದಾಗ ಕಣ್ಣಿಗೆ ನೇರಳೆಯೇ ಕಾಣುತ್ತದೆ. ಎದುರು ಬಣ್ಣದ ಲೆಕ್ಕವೂ ಅಲ್ಲಿಗೆ ತಪ್ಪುತ್ತದೆ, ಏಕೆಂದರೆ 240 ಎಂದು ಆರಿಸಿದ್ದು 270ರ ಹತ್ತಿರ ಹೋಗಿ ಕೂತಿರುತ್ತದೆ.

`Shift+Ctrl+Y` ಒತ್ತಿದರೆ ಇಂಕಿನಲ್ಲಿ ಬಾರದ ಬಣ್ಣಗಳ ಮೇಲೆ ಬೂದು ಮುಸುಕು ಬೀಳುತ್ತದೆ. ಹಿನ್ನೆಲೆಯಲ್ಲಿ ಅದು ಕಂಡರೆ `S` ಇಳಿಸುತ್ತಾ ಬನ್ನಿ, ಮುಸುಕು ಹೋಗುವವರೆಗೆ. `Ctrl+Y` ಒತ್ತಿದರೆ ಪ್ರಿಂಟಿನಲ್ಲಿ ಹೇಗೆ ಬರಬಹುದು ಎಂಬ ಅಂದಾಜು ಪರದೆಯಲ್ಲೇ ಕಾಣುತ್ತದೆ. ನೀಲಿ ಇಡುವುದಾದರೆ ಕಲರ್ ಪಿಕ್ಕರ್‌ನ `C` ಗಿಂತ `M` ಕನಿಷ್ಠ 30 ಕಡಿಮೆ ಇರಲಿ, ನೇರಳೆಯ ಕಡೆ ಜಾರುವುದಿಲ್ಲ.

ಕೊನೆಗೆ ಮುಖ, ಕೂದಲು, ಹಿನ್ನೆಲೆ ಮೂರೂ ಬರುವ ಒಂದು ತುಂಡನ್ನು ಕತ್ತರಿಸಿ, ಬ್ಯಾನರ್ ಹೊಡೆಯುವ ಅದೇ ಮಷಿನ್‌ನಲ್ಲಿ, ಅದೇ ಬಟ್ಟೆಯ ಮೇಲೆ ಎ4 ಗಾತ್ರಕ್ಕೆ ಹಾಕಿಸಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಹೂಂ ಎನ್ನಬೇಡಿ. ಹೊರಗೆ ತಂದು, ರಸ್ತೆಯ ಆಚೆ ಬದಿಯಲ್ಲಿ ಯಾರಿಗಾದರೂ ಹಿಡಿಯಲು ಹೇಳಿ ನೋಡಿ. ಜಡೆ ಕಾಣಲಿಲ್ಲ ಎಂದರೆ ತಲೆಯ ಹಿಂದಿನ ಬೆಳಕಿನ `L` ಅನ್ನು ನಾಲ್ಕೈದು ಏರಿಸಿ ಇನ್ನೊಂದು ತುಂಡು ಹಾಕಿಸಿ. ಪ್ರಿಂಟಿನಲ್ಲಿ ಗಾಢ ಬಣ್ಣಗಳು ಇನ್ನಷ್ಟು ಗಾಢವಾಗಿಯೇ ಬರುತ್ತವೆ. ನಮ್ಮ 36 ಕೊನೆಗೆ 40 ಆಯಿತು.